ಹಾಲ್‌ಮಾರ್ಕ್‌ನಲ್ಲಿ ನಿಂತ ಕಾಸಿನ ಸರ: ಗಿರಾಕಿಗೆ ಏನಂತ ಬರೆಯಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಚಿನ್ನದ ಅಂಗಡಿ ಇಟ್ಟುಕೊಂಡಿದ್ದೇನೆ ಸರ್. ಹರಿಹರದ ಟೀಚರ್ ಒಬ್ಬರು ಮಗಳ ಮದುವೆಗೆ 50 ಗ್ರಾಂನ ಕಾಸಿನ ಸರಕ್ಕೆ ಆರ್ಡರ್ ಕೊಟ್ಟಿದ್ದಾರೆ. ಮೇ 10ಕ್ಕೆ ಕೊಡಬೇಕು. ಹಾಲ್‌ಮಾರ್ಕ್ ಸೆಂಟರ್‌ನವರು 908 ಬಂತು ಅಂತ ವಾಪಸ್ ಕಳಿಸಿದ್ದಾರೆ. ಮದುವೆ 24ಕ್ಕೆ. 20 ಗ್ರಾಂಗೆ ರೇಟ್ ಮಾಡಿಸಿ ಅಡ್ವಾನ್ಸ್ ಕೊಟ್ಟಿದ್ದಾರೆ, ಆಮೇಲೆ ರೇಟ್ ಏರಿದೆ. ಅವರಿಗೆ ಏನಂತ ಬರೆಯಲಿ? ಮದುವೆಗೆ ಹಾಕಿಕೊಳ್ಳಿ, ಆಮೇಲೆ ಹಾಲ್‌ಮಾರ್ಕ್ ಹಾಕಿಸಿ ಕೊಡ್ತೀನಿ ಅನ್ನಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಗಳ ಗುರುತಿನ ನಂಬರು ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು 2023ರ ಏಪ್ರಿಲ್ 1ರಿಂದ ಮಾರುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮದುವೆ ಮುಗಿದ ಮೇಲೆ ಅದೇ ಸರ ಮತ್ತೆ ಟೆಸ್ಟಿಗೆ ಹೋದರೆ ಮತ್ತೆ 908 ಬರುತ್ತದೆ. ಆಗ ಮದುವಣಗಿತ್ತಿ ಕೊರಳಿಂದ ಬಂದ ಸರವನ್ನು ಬಿಚ್ಚಬೇಕಾಗುತ್ತದೆ. ಯಾವ ತಾಯಿ ಸುಮ್ನೆ ಇರ್ತಾರೆ ಹೇಳಿ?

ಕಾಗದ ಬರೆಯುವ ಮೊದಲು ಕಾರಣ ನಿಮಗೇ ಖಚಿತ ಆಗಬೇಕು. 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. 908 ಬಂದರೆ ಹತ್ತಿರ ಇದೆ ಅಂತ ಯಾರೂ ಬಿಡುವುದಿಲ್ಲ, ಅದರ ಕೆಳಗಿನ ಮೆಟ್ಟಿಲು 20 ಕ್ಯಾರೆಟ್, ಅಂದರೆ 833. ಕಾಸಿನ ಸರದಲ್ಲಿ ಇಂಥ ಕೊರತೆ ಬಂದರೆ ನಾನು ಮೊದಲು ನೋಡುವುದು ಬೆಸುಗೆಯನ್ನು. ಸರ ತಿರುಗಿಸಿ ಹಿಂಬದಿ ನೋಡಿ. ಪ್ರತಿ ಕಾಸಿನ ನೆತ್ತಿಯಲ್ಲಿ ಒಂದು ಸಣ್ಣ ಬಳೆ ಕೂತಿರುತ್ತದೆ. ಅದರ ಬುಡದಲ್ಲಿ ಬೆಸುಗೆ ಹನಿಯ ಹಾಗೆ ಉಬ್ಬಿ, ಸ್ವಲ್ಪ ಬಿಳಿಚಿಕೊಂಡಿದ್ದರೆ ಆಚಾರ್ರು ಕಡಿಮೆ ಟಂಚಿನ ಬೆಸುಗೆಯನ್ನು ಧಾರಾಳವಾಗಿ ಹಾಕಿದ್ದಾರೆ ಅಂತಲೇ ಅರ್ಥ.

ಲೆಕ್ಕ ಹಾಕಿದರೆ ನಿಮಗೇ ತಿಳಿಯುತ್ತದೆ. 50 ಗ್ರಾಂನಲ್ಲಿ ಎರಡೂವರೆ ಗ್ರಾಂ ಬೆಸುಗೆ, ಅದು 750 ಟಂಚಿನದು ಅಂತಿಟ್ಟುಕೊಳ್ಳಿ. ಉಳಿದ 47.5 ಗ್ರಾಂ ಸರಿಯಾಗಿ 916 ಇದ್ದರೂ ಒಟ್ಟು ಶುದ್ಧ ಚಿನ್ನ 45.4 ಗ್ರಾಂ ಹತ್ತಿರ ನಿಲ್ಲುತ್ತದೆ. ಇರಬೇಕಾದ್ದು 45.8. ಇಡೀ ಸರಕ್ಕೆ ಹಂಚಿದರೆ ಹೆಚ್ಚುಕಡಿಮೆ 908. ಅಂದರೆ ಕಾಸಿನ ಚಿನ್ನ ಚೆನ್ನಾಗಿದ್ದು, ಬೆಸುಗೆಯೊಂದೇ ಸರವನ್ನು ಕೆಳಗೆ ಎಳೆದಿರಬಹುದು.

ಇರಬಹುದು ಅಂತ ಬರೆಯಲು ಬರುವುದಿಲ್ಲ ಅಲ್ವಾ? ಸೆಂಟರ್‌ನಲ್ಲಿ ಎಕ್ಸ್‌ಆರ್‌ಎಫ್ ಮೆಷಿನ್ ಕೆಳಗೆ ಕಾಸಿನ ನಡುಭಾಗವನ್ನು ಒಮ್ಮೆ, ಬೆಸುಗೆ ಜಾಗವನ್ನು ಒಮ್ಮೆ ಬೇರೆ ಬೇರೆಯಾಗಿ ನೋಡಿಸಿ. ಕಾಸು 916 ಇದ್ದು ಬೆಸುಗೆ ಕಡಿಮೆ ಬಂದರೆ ಕಾಸುಗಳನ್ನು ಉಳಿಸಿಕೊಳ್ಳಬಹುದು. ಬಳೆಗಳನ್ನು ಬಿಡಿಸಿ, ಹಳೆ ಬೆಸುಗೆಯನ್ನು ಅರದಿಂದ ಉಜ್ಜಿ ತೆಗೆದು, 22 ಕ್ಯಾರೆಟ್ ಬೆಸುಗೆಯಲ್ಲೇ ಮತ್ತೆ ಕೂರಿಸುವುದು. ಕಾಸೇ ಕಡಿಮೆ ಬಂದರೆ ಇಡೀ ಸರ ಕರಗಿಸದೆ ದಾರಿಯಿಲ್ಲ, ನಿಮ್ಮ ತಾರೀಕೂ ಬದಲಾಗುತ್ತದೆ. ಈ ಮೆಷಿನ್ ಮೇಲ್ಮೈಯನ್ನಷ್ಟೇ ಓದುತ್ತದೆ ಅನ್ನುವುದೂ ನೆನಪಿರಲಿ. ಮೇಲೆ ಚಿನ್ನದ ಪಾಲಿಶ್ ಕೊಟ್ಟು ದಾಟಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಚೂರು ಕತ್ತರಿಸಿ ಬೆಂಕಿಯಲ್ಲಿ ನೋಡುವ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ.

22 ಕ್ಯಾರೆಟ್ ಬೆಸುಗೆ ಕರಗುವ ಶಾಖಕ್ಕೂ ಆ ತೆಳು ಬಳೆಯೇ ಕರಗುವ ಶಾಖಕ್ಕೂ ಅಂತರ ಬಹಳ ಕಡಿಮೆ. ಉರಿ ಒಂದು ಕ್ಷಣ ಜಾಸ್ತಿ ನಿಂತರೆ ಬಳೆ ಹೋಯಿತು. ಆದ್ದರಿಂದ ಆಚಾರ್ರನ್ನು ಅವಸರ ಮಾಡಬೇಡಿ. ಅವರು ಹೇಳಿದ ದಿನಕ್ಕೆ ಎರಡು ದಿನ ಸೇರಿಸಿ ಗಿರಾಕಿಗೆ ಹೇಳಿ. ಎರಡನೇ ಸಲ ತಾರೀಕು ತಪ್ಪಿದರೆ ಯಾವ ಕಾಗದವೂ ಕೆಲಸ ಮಾಡುವುದಿಲ್ಲ.

ಇನ್ನು ರೇಟಿನ ವಿಷಯ. ಅವರು ರೇಟ್ ಮಾಡಿಸಿದ್ದು 20 ಗ್ರಾಂಗೆ. ತಡ ನಿಮ್ಮ ಕಡೆಯಿಂದ, ಆದ್ದರಿಂದ ಆ 20 ಗ್ರಾಂಗೆ ಹಳೆ ರೇಟೇ ನಡೆಯಬೇಕು. ಉಳಿದ 30 ಗ್ರಾಂಗೆ 10ನೇ ತಾರೀಕಿನ ರೇಟ್ ಅಥವಾ ಕೊಡುವ ದಿನದ ರೇಟ್, ಎರಡರಲ್ಲಿ ಕಡಿಮೆ ಯಾವುದೋ ಅದು. ಆರ್ಡರ್ ಬೇಡ ಅಂದರೆ? ಕೊಟ್ಟ ದುಡ್ಡಷ್ಟೇ ವಾಪಸ್ ಕೊಡುವ ಅಂಗಡಿಗಳಿವೆ. ನನಗೆ ಅದು ಸರಿ ಕಾಣುವುದಿಲ್ಲ. ಅದೇ ದುಡ್ಡಿಗೆ ಅವರಿಗೆ ಇವತ್ತು ಬೇರೆ ಅಂಗಡಿಯಲ್ಲಿ 20 ಗ್ರಾಂ ಸಿಗುವುದಿಲ್ಲ. 20 ಗ್ರಾಂನ ಇವತ್ತಿನ ಬೆಲೆ ಕೊಡಿ. ನಿಮಗೆ ಸ್ವಲ್ಪ ನೋವಾಗುತ್ತದೆ, ಮದುವೆ ಮನೆಯ ಬಾಯಲ್ಲಿ ನಿಮ್ಮ ಅಂಗಡಿ ಹೆಸರು ಓಡಾಡುವುದಕ್ಕಿಂತ ಅಗ್ಗ.

ಮೊದಲು ಫೋನ್ ಮಾಡಿ ಹೇಳಿ, 10ನೇ ತಾರೀಕು ಬರುವ ತನಕ ಕಾಯಬೇಡಿ. ಮಾತಾಡಿದ ಮೇಲೆ ಬರೆದದ್ದನ್ನು ಕಳಿಸಿ. ಕಾಸು ಸರಿಯಿದೆ, ಬೆಸುಗೆಯದ್ದೇ ತೊಂದರೆ ಅಂತ ಗೊತ್ತಾದರೆ ಹೀಗೆ ಬರೆಯಬಹುದು:

> ಮೇಡಂ, ನಮಸ್ಕಾರ.
>
> ನಿಮ್ಮ ಕಾಸಿನ ಸರವನ್ನು 10ಕ್ಕೆ ಕೊಡಲು ಆಗುತ್ತಿಲ್ಲ. ಸರ ತಯಾರಾಗಿತ್ತು, ಆದರೆ ಹಾಲ್‌ಮಾರ್ಕ್ ಪರೀಕ್ಷೆಯಲ್ಲಿ 916 ಬರಬೇಕಾದ ಕಡೆ 908 ಬಂದಿದೆ. ಕಾಸುಗಳ ಚಿನ್ನ ಸರಿಯಿದೆ, ಬಳೆ ಕೂರಿಸಿದ ಬೆಸುಗೆ ಕಡಿಮೆ ಟಂಚಿನದು. ಅದನ್ನು ತೆಗೆಸಿ 22 ಕ್ಯಾರೆಟ್ ಬೆಸುಗೆ ಹಾಕಿಸುತ್ತಿದ್ದೇವೆ. ಇದರ ಖರ್ಚು ನಮ್ಮದೇ. ಸೆಂಟರ್ ಕೊಟ್ಟ ರಿಪೋರ್ಟನ್ನು ಜೊತೆಗೆ ಕಳಿಸಿದ್ದೇನೆ.
>
> ಸರ 16ರಂದು ಮತ್ತೆ ಪರೀಕ್ಷೆಗೆ ಹೋಗುತ್ತದೆ. 18ರಂದು ನಿಮ್ಮ ಕೈಗೆ ಕೊಡುತ್ತೇವೆ. ನೀವು ಕಾಯುವುದಾದರೆ 20 ಗ್ರಾಂಗೆ ನಿಮ್ಮ ಹಳೆ ರೇಟ್. ಉಳಿದದ್ದಕ್ಕೆ 10ನೇ ತಾರೀಕಿನ ರೇಟ್ ಮತ್ತು 18ರ ರೇಟ್, ಇವೆರಡರಲ್ಲಿ ಕಡಿಮೆಯದ್ದು.
>
> ಕಾಯುವುದು ಬೇಡ ಅನ್ನಿಸಿದರೆ ಅಂಗಡಿಯಲ್ಲಿ ಹಾಲ್‌ಮಾರ್ಕ್ ಆದ 42 ಗ್ರಾಂನ ಕಾಸಿನ ಸರ ಒಂದಿದೆ. ಕಾಸು ಸ್ವಲ್ಪ ಚಿಕ್ಕದು. ಬಂದು ನೋಡಿ, ಒಪ್ಪಿದರೆ ಅವತ್ತೇ ಒಯ್ಯಬಹುದು, 20 ಗ್ರಾಂಗೆ ಹಳೆ ರೇಟೇ ನಡೆಯುತ್ತದೆ. ಎರಡೂ ಬೇಡ ಅಂದರೆ 20 ಗ್ರಾಂನ ಇವತ್ತಿನ ಬೆಲೆಯನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ.
>
> ನೀವು ಕಾಯುವುದಾದರೆ ಆ 42 ಗ್ರಾಂನ ಸರವನ್ನು ಯಾರಿಗೂ ಮಾರದೆ ಎತ್ತಿಡುತ್ತೇನೆ. 18ಕ್ಕೆ ನಿಮ್ಮ ಸರ ಬಾರದಿದ್ದರೆ ಮದುವೆಗೆ ಅದನ್ನು ಹಾಕಿಸಿ. ತೂಕ ಬರೆದು ಚೀಟಿ ಕೊಡುತ್ತೇನೆ, ಬಾಡಿಗೆ ಏನೂ ಇಲ್ಲ. ಯಾವುದು ಅಂತ 12ರ ಸಂಜೆಯೊಳಗೆ ತಿಳಿಸಿದರೆ ಅನುಕೂಲ.

ಕ್ಷಮೆಯನ್ನು ಫೋನಿನಲ್ಲೇ ಕೇಳಿಬಿಡಿ. ಕಾಗದದ ತುಂಬ ಅದನ್ನೇ ಬರೆದರೆ ಅವರಿಗೆ ಬೇಕಾದ ತಾರೀಕು ಕಣ್ಣಿಗೇ ಬೀಳುವುದಿಲ್ಲ. ಆಚಾರ್ರ ಹೆಸರನ್ನೂ ಎಳೆದು ತರಬೇಡಿ. ಟೀಚರ್ ಆರ್ಡರ್ ಕೊಟ್ಟಿದ್ದು ನಿಮಗೆ.

ಒಂದು ಮಾತು ಬಾಕಿ. ಬೆಸುಗೆ ಬದಲಾದ ಮೇಲೆ ಸರದ ತೂಕ 50 ಗ್ರಾಂ ಇರುವುದಿಲ್ಲ, ಸ್ವಲ್ಪ ಇಳಿಯುತ್ತದೆ. ಬಿಲ್ಲನ್ನು ಹಾಲ್‌ಮಾರ್ಕ್ ಆಗಿ ಬಂದ ತೂಕಕ್ಕೇ ಮಾಡಿ, ಅವರೆದುರೇ ತಕ್ಕಡಿಗೆ ಹಾಕಿ. ಉಜ್ಜಿ ಹೋದ ಚಿನ್ನವನ್ನು ವೇಸ್ಟೇಜ್ ಅಂತ ಅವರ ಲೆಕ್ಕಕ್ಕೆ ಸೇರಿಸಬೇಡಿ. ಸರದ ಮೇಲಿನ ಎಚ್‌ಯುಐಡಿಯನ್ನು ಅವರ ಮೊಬೈಲಿನಲ್ಲೇ BIS Care ಆ್ಯಪ್‌ಗೆ ಹಾಕಿಸಿ. ನಿಮ್ಮ ನೋಂದಣಿ ನಂಬರು, ಒಡವೆ ಯಾವುದು, ಶುದ್ಧತೆ ಎಷ್ಟು ಅಂತ ಅಲ್ಲೇ ಕಾಣುತ್ತದೆ. ಬಾಕಿ ದುಡ್ಡು ಕೇಳುವುದು ಅದಾದ ಮೇಲೆ.