ಹೋಮ್ ಬೇಕರ್ ಇನ್‌ಸ್ಟಾ ಬಯೋದಲ್ಲಿ ಏನ್ ಬರೀಬೇಕು, ಹೈಲೈಟ್‌ಗೆ ಏನ್ ಹೆಸರಿಡ್ಬೇಕು?

ಪ್ರಶ್ನೆ: ಮೇಡಂ, ಮೈಸೂರಿನ ಕುವೆಂಪುನಗರದಲ್ಲಿ ಮನೇಲೇ ಎಗ್‌ಲೆಸ್ ಕೇಕ್ ಮಾಡ್ತೀನಿ, ಶುರು ಮಾಡಿ ಎರಡು ತಿಂಗಳು. ಬಯೋದಲ್ಲಿ "ಪ್ರೀತಿಯಿಂದ ಬೇಕ್ ಮಾಡಿದ್ದು, ಪ್ರತಿ ತುತ್ತಲ್ಲೂ ಸಿಹಿ ಕನಸು" ಅಂತ ಹಾಕಿದ್ದೀನಿ. ಫಾಲೋವರ್ಸ್ ಬರ್ತಾರೆ, ಆರ್ಡರ್ ಬರಲ್ಲ. ಹೈಲೈಟ್‌ಗೂ ಒಳ್ಳೆ ಹೆಸರು ಹೇಳಿ.

ಉತ್ತರ: ಸಾಲು ಚೆನ್ನಾಗೇ ಇದೆ, ಆದ್ರೆ ನಾಳಿದ್ದು ಮಗುದು ಬರ್ತ್‌ಡೇ ಅಂತ ಕೇಕ್ ಹುಡುಕ್ತಾ ಬಂದೋರಿಗೆ ಅದ್ರಿಂದ ಏನೂ ಗೊತ್ತಾಗಲ್ಲ. ಒಂದ್ಸಲ ನಿಮ್ಮ ಡಿಎಂ ತೆಗೆದು ಕೊನೇ ಹತ್ತು ಜನ ಮೊದಲು ಏನ್ ಕೇಳಿದ್ದಾರೆ ನೋಡಿ. "ಎಲ್ಲಿರೋದು ನೀವು", "ಎಗ್‌ಲೆಸ್ಸಾ", "ಅರ್ಧ ಕೆಜಿ ಎಷ್ಟು", "ನಾಳೆಗೆ ಆಗುತ್ತಾ", ಇಷ್ಟೇ ಇರುತ್ತೆ. ಅದಕ್ಕೆ ಉತ್ತರಾನೇ ನಿಮ್ಮ ಬಯೋ. ಹೀಗೆ ಬರೀರಿ, ರೇಟು ನಿಮ್ಮದು ಹಾಕ್ಕೊಳ್ಳಿ:

ಎಗ್‌ಲೆಸ್ ಕೇಕ್, ಬ್ರೌನಿ, ಕುಕೀಸ್
ಕುವೆಂಪುನಗರ, ಮೈಸೂರು
ಅರ್ಧ ಕೆಜಿ ₹450ರಿಂದ
ಕೇಕ್‌ಗೆ 2 ದಿನ ಮುಂಚೆ ಹೇಳಿ

ಬಯೋಗೆ 150 ಅಕ್ಷರ ಮಿತಿ, ಇದು ನೂರರೊಳಗೇ ಮುಗಿಯುತ್ತೆ, ಉಳಿದ ಜಾಗದಲ್ಲಿ FSSAI ನೋಂದಣಿ ಆಗಿದ್ರೆ ಆ 14 ಅಂಕಿ ನಂಬರ್ ಹಾಕಿ (ಆಗಿಲ್ಲ ಅಂದ್ರೆ ಬಯೋಗಿಂತ ಮೊದಲು ಅದನ್ನ ಮಾಡಿಸ್ಕೊಳ್ಳಿ). ಸಾಲು ಜಾಸ್ತಿ ಆದ್ರೆ ಕೆಳಗಿಂದು ಮಡಚಿಕೊಳ್ಳುತ್ತೆ, ಒತ್ತಿದ್ರೆ ಮಾತ್ರ ಕಾಣೋದು, ಅದಕ್ಕೇ ಏನ್ ಮಾಡ್ತೀರಿ, ಎಲ್ಲಿದೀರಿ ಅನ್ನೋದು ಮೇಲೇ ಇರ್ಲಿ.

ಸುಮಾರು ಜನಕ್ಕೆ ಗೊತ್ತಿಲ್ದೇ ಇರೋದು ಬಯೋ ಮೇಲಿರೋ ದಪ್ಪಕ್ಷರದ ನೇಮ್ ಜಾಗ. ಅಲ್ಲಿ ಬರೆದ ಪದಗಳು ಸರ್ಚ್‌ಗೆ ಸಿಗ್ತವೆ. ನೀವು ಬರೀ ನಿಮ್ಮ ಹೆಸರು ಹಾಕಿದ್ರೆ ನಿಮ್ಮ ಹೆಸರು ಗೊತ್ತಿರೋರಿಗೆ ಮಾತ್ರ ಸಿಗ್ತೀರಿ, ಅವ್ರು ಹೇಗೂ ನಿಮ್ಮ ನೆಂಟರೇ. 64 ಅಕ್ಷರ ಇದೆ, ಹೆಸರಿನ ಪಕ್ಕ Eggless Cakes Mysuru ಅಂತ ಸೇರಿಸಿ. ಕನ್ನಡ ಅಭಿಮಾನ ನನಗೂ ಇದೆ, ಆದ್ರೆ ಕೇಕ್ ಹುಡುಕೋವಾಗ ನಮ್ಮ ಜನ ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ. ಯೋಚನೆ ಮಾಡಿ ಹಾಕಿ, ಯಾಕಂದ್ರೆ 14 ದಿನದಲ್ಲಿ ಎರಡೇ ಸಲ ಅದನ್ನ ಬದಲಾಯಿಸಕ್ಕೆ ಬಿಡೋದು.

ಲಿಂಕ್ ಜಾಗಕ್ಕೆ ವಾಟ್ಸಾಪ್ ಲಿಂಕ್ ಹಾಕಿ:

```
https://wa.me/91XXXXXXXXXX?text=Cake%20order
```

91 ಆದ್ಮೇಲೆ ನಿಮ್ಮ ಹತ್ತು ಅಂಕಿ, ಅಷ್ಟೇ. ಮುಂದೆ ಪ್ಲಸ್, ಸೊನ್ನೆ, ಮಧ್ಯ ಸ್ಪೇಸ್ ಏನೂ ಬೇಡ. ಹಾಕಿದ್ಮೇಲೆ ಮನೆಯವ್ರ ಫೋನಿಂದ ಒತ್ತಿ ನೋಡಿ.

ಈಗ ಹೈಲೈಟ್. ಹೆಸರಿಗೆ 15 ಅಕ್ಷರ ಮಾತ್ರ, ಮತ್ತೆ ಕನ್ನಡದಲ್ಲಿ ಕೊಂಬು, ಒತ್ತು, ಗುಡಿಸು ಎಲ್ಲಾ ಬೇರೆ ಬೇರೆ ಲೆಕ್ಕ. "ಗ್ರಾ" ನಮ್ಮ ಕಣ್ಣಿಗೆ ಒಂದಕ್ಷರ, ಫೋನಿಗೆ ನಾಲ್ಕು. ಹಾಗಾಗಿ "ಗ್ರಾಹಕರ ಅಭಿಪ್ರಾಯ" ಅಂತ ಬರೆಯೋಕೆ ಹೋದ್ರೆ ಸ್ಪೇಸ್ ಸೇರಿ 16 ಆಗುತ್ತೆ, ಕೂರಲ್ಲ. "ರಿವ್ಯೂ" ಅಂದ್ರೆ ಆರರಲ್ಲಿ ಮುಗೀತು. 15ರೊಳಗಿದ್ರೂ ಉದ್ದ ಆದ್ರೆ ವೃತ್ತದ ಕೆಳಗೆ ಬಾಲ ಕತ್ತರಿಸಿ ಚುಕ್ಕಿ ಕಾಣುತ್ತೆ, ಅದಕ್ಕೆ ಒಂದೇ ಪದ ಇಡಿ: ಬೆಲೆ, ಕೇಕ್ಸ್, ಆರ್ಡರ್, ರಿವ್ಯೂ. ಶುರುವಿಗೆ ಈ ನಾಲ್ಕು ಸಾಕು. "ಸ್ವೀಟ್ ಟೇಲ್ಸ್" ಥರ ಹೆಸರಿಟ್ರೆ ಒಳಗಿರೋದು ಮೆನುವಾ, ನಿಮ್ಮ ಬೆಕ್ಕಿನ ವಿಡಿಯೋನಾ ಅಂತ ಯಾರಿಗೂ ಗೊತ್ತಾಗಲ್ಲ. "ಆರ್ಡರ್" ಒಳಗೆ ಎಷ್ಟು ಅಡ್ವಾನ್ಸ್, ಪಿಕಪ್ ಎಲ್ಲಿ, ಡೆಲಿವರಿ ಎಲ್ಲೀವರೆಗೆ ಅಂತ ಮೂರು ಸ್ಟೋರಿ ಇರ್ಲಿ.

ಒಂದು ತಪ್ಪು ನಾನೇ ಮಾಡಿದ್ದೀನಿ. ಹೈಲೈಟ್‌ಗಳ ಸಾಲು ನಾವು ಇಟ್ಟ ಹಾಗೆ ನಿಲ್ಲಲ್ಲ, ಯಾವುದಕ್ಕೆ ಕೊನೇಲಿ ಸ್ಟೋರಿ ಸೇರಿಸ್ತೀವೋ ಅದು ಮುಂದೆ ಬಂದು ಕೂರುತ್ತೆ. ನಾನು ದಿನಾ ರಿವ್ಯೂ ಹಾಕ್ತಾ ಹಾಕ್ತಾ ಬೆಲೆ ಹೈಲೈಟ್ ಹಿಂದಕ್ಕೆ ಹೋಗಿ ಬಿಟ್ಟಿತ್ತು, ಜನ ಮತ್ತೆ ಡಿಎಂನಲ್ಲಿ ರೇಟ್ ಕೇಳಕ್ಕೆ ಶುರು. ಈಗ ರಿವ್ಯೂ ಹಾಕಿದ್ಮೇಲೆ ಬೆಲೆಗೆ ಒಂದು ಹೊಸ ಸ್ಟೋರಿ ಸೇರಿಸಿಬಿಡ್ತೀನಿ, ಅದು ಮುಂದೆ ಬರುತ್ತೆ.

ಇನ್ನೊಂದು, ಹೈಲೈಟ್ ಒಳಗೆ ಹಳೇದೇ ಮೊದಲು ಪ್ಲೇ ಆಗೋದು. ಬೆಣ್ಣೆ ರೇಟ್ ಏರಿ ನೀವು 450ರಿಂದ 500 ಮಾಡಿ ಹೊಸ ಸ್ಟೋರಿ ಸೇರಿಸಿದ್ರೂ ನೋಡೋರಿಗೆ ಮೊದಲು ಕಾಣೋದು 450, ಆಮೇಲೆ "ಅಲ್ಲೇ ಬರೆದಿದ್ದೀರಲ್ಲ ಅಕ್ಕಾ" ಅಂತ ಚೌಕಾಸಿ. ಹೊಸದು ಹಾಕಿದ ದಿನಾನೇ ಹಳೇ ಬೆಲೆ ಸ್ಟೋರಿ ಹೈಲೈಟ್‌ನಿಂದ ತೆಗೀರಿ, ಬಯೋದಲ್ಲಿರೋ ಅಂಕಿನೂ ಆಗ್ಲೇ ತಿದ್ದಿ.