ಎರಡನೇ ಫಂಕ್ಷನ್ ಎಲ್ಲಿದೆ?

“ಹಾಸನದಲ್ಲಿ ಬಿಎಸ್‌ಸಿ ಓದುತ್ತಿದ್ದೇನೆ. ∫₀¹ √(1+x³) dx < 1.12 ಎಂದು ಕೋಶಿ–ಶ್ವಾರ್ಟ್ಸ್ ಬಳಸಿ ತೋರಿಸಬೇಕಂತೆ. ಅದಕ್ಕೆ ಎರಡು ಫಂಕ್ಷನ್ ಬೇಕಲ್ಲವೇ? ಇಲ್ಲಿರುವುದು ಒಂದೇ.”

ಎರಡನೆಯದು 1. ಚಿಕ್ಕಮಗಳೂರಿನಲ್ಲಿ ನನ್ನ ಬಳಿ ಪಾಠಕ್ಕೆ ಬರುವವರೂ ಇಲ್ಲೇ ತಡವರಿಸುತ್ತಾರೆ. f = √(1+x³), g = 1 ಎಂದಿಟ್ಟುಕೊಳ್ಳಿ. ಬೇಕಾದ ಅನುಕಲ I ಆದರೆ,

I² ≤ ∫₀¹ (1+x³) dx · ∫₀¹ 1 dx = 5/4

ಅಂದರೆ I ≤ 1.1181. ನಿಜವಾದ ಬೆಲೆ ಸುಮಾರು 1.1114, ಎಷ್ಟು ಹತ್ತಿರ ನೋಡಿ!

ಕಾರಣವನ್ನೂ ಬರೆಯಿರಿ, ಸೂತ್ರವನ್ನಷ್ಟೇ ಒಪ್ಪಿಸಬೇಡಿ. t ಯಾವ ಸಂಖ್ಯೆಯಾದರೂ (f−t)² ಋಣವಾಗದು, ಅದರ ಅನುಕಲವೂ ಆಗದು. ಅದನ್ನು ಬಿಡಿಸಿದರೆ t² − 2It + 5/4 ≥ 0. ಈ ವರ್ಗೋಕ್ತಿ ಎಂದೂ ಸೊನ್ನೆಗಿಂತ ಕೆಳಗಿಳಿಯದ ಕಾರಣ ಅದರ ಶೋಧಕ 4I² − 5 ಧನವಾಗಲಾರದು. ಸಮಾನತೆ ಬರುವುದು f ಸ್ಥಿರವಾಗಿದ್ದರೆ ಮಾತ್ರ. ನಿಮ್ಮ f 1ರಿಂದ √2ರವರೆಗೆ ಏರುತ್ತದೆ, ಅಷ್ಟೇನೂ ಬದಲಾಗುವುದಿಲ್ಲ. ಹಾಗಾಗಿಯೇ ಮಿತಿ ಇಷ್ಟು ಬಿಗಿಯಾಗಿದೆ.

ಒಂದು ಎಚ್ಚರಿಕೆ: ∫1 dx ಎಂಬುದು ಅಂತರಾಳದ ಉದ್ದ. ಇಲ್ಲಿ ಅದು 1 ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. 0ಯಿಂದ 2ರವರೆಗೆ ಕೇಳಿದರೆ ಮಿತಿ √(6·2) ≈ 3.46. ಆ 2 ಮರೆತರೆ √6 ≈ 2.45 ಬರುತ್ತದೆ, ನಿಜವಾದ ಬೆಲೆಯೋ ಸುಮಾರು 3.24.