ಶೇರ್ ಪೋರ್ಟ್‌ಫೋಲಿಯೋಗೆ ಇನ್ಶೂರೆನ್ಸ್ ತರ ಪುಟ್ ತಗೋಬಹುದು ಅಂತಾರೆ, ಆದ್ರೆ ಪ್ರೀಮಿಯಂ ನೋಡಿದ್ರೆ ಜಾಸ್ತಿ ಅನ್ಸುತ್ತೆ, ವರ್ತ್ ಇದೆಯಾ ಇಲ್ವಾ ಹೇಗೆ ಲೆಕ್ಕ ಹಾಕೋದು?

ಪ್ರೀಮಿಯಂ ಒಂದನ್ನೇ ಇಟ್ಕೊಂಡು ನೋಡಿದ್ರೆ ಉತ್ತರ ಸಿಗಲ್ಲ. ಅದೇ ಭಯಕ್ಕೆ ಇನ್ನೊಂದು ಸುಲಭದ ದಾರಿ ಇದೆ ಅಲ್ವಾ, ಸ್ವಲ್ಪ ಶೇರ್ ಮಾರಿ ಕ್ಯಾಶ್ ಇಟ್ಕೊಳ್ಳೋದು, ಪುಟ್ಟನ್ನ ಅದರ ಪಕ್ಕದಲ್ಲಿಟ್ಟು ತೂಗಬೇಕು. ನಾನು ಈಗ ಹಂಗೇ ಮಾಡೋದು.

ನಿಮ್ಮ ಪೋರ್ಟ್‌ಫೋಲಿಯೋ 100 ಅಂತ ಇಟ್ಕೊಳ್ಳಿ, ಹೆಚ್ಚುಕಮ್ಮಿ ಇಂಡೆಕ್ಸ್ ಜೊತೆನೇ ಏರಿಳಿಯುತ್ತೆ ಅಂತಾನೂ ಇಟ್ಕೊಳ್ಳಿ. ಮೂರು ತಿಂಗಳ 95 ಸ್ಟ್ರೈಕ್ ಪುಟ್, ಅಂದ್ರೆ ಮೂರು ತಿಂಗಳ ಕೊನೆಗೆ ಇಂಡೆಕ್ಸ್ ಎಷ್ಟೇ ಬಿದ್ದಿದ್ರೂ 95ರ ರೇಟಿಗೆ ಮಾರೋ ಹಕ್ಕು, ಅದಕ್ಕೆ ಪ್ರೀಮಿಯಂ 1.5, ಮಾರ್ಕೆಟ್ ಶಾಂತವಾಗಿದ್ದಾಗ ಸುಮಾರು ಇಷ್ಟಿರುತ್ತೆ. ಈಗ ಎಕ್ಸ್‌ಪೈರಿ ದಿನ ಇಂಡೆಕ್ಸ್ 70ಕ್ಕೆ ಬಿದ್ರೂ ನಿಮ್ಮ ನಷ್ಟ 6.5 ದಾಟಲ್ಲ: ಮೊದಲ 5 ನಿಮ್ಮ ಕೈಯಿಂದ, ಮೇಲೆ ಪ್ರೀಮಿಯಂ 1.5.

ಇನ್ನೊಂದು ಕಡೆ, ಪುಟ್ ಬೇಡ ಅಂತ 30 ಮಾರಿ ಕ್ಯಾಶ್ ಇಟ್ಕೊಂಡ್ರಿ ಅಂದ್ಕೊಳ್ಳಿ. ಮಾರ್ಕೆಟ್ 5 ಬಿದ್ರೆ ನಿಮಗೆ 3.5 ನಷ್ಟ, ಅದೇ ಪುಟ್ ಇದ್ದವನಿಗೆ ಪೂರ್ತಿ 6.5. ಎರಡೂ ಸರಿಸಮ ಆಗೋದು ಮಾರ್ಕೆಟ್ ಸುಮಾರು 9.3 ಬಿದ್ದಾಗ. ಮೇಲಕ್ಕೆ ಹೋದ್ರೆ, 5 ಏರೋವರೆಗೂ ಮಾರಿದವನೇ ಮುಂದೆ, 5 ದಾಟಿದ್ಮೇಲೆ ಪುಟ್ ಇರೋನು ಮುಂದೆ. ಅಂದ್ರೆ ಈ ಮೂರು ತಿಂಗಳಲ್ಲಿ ಮಾರ್ಕೆಟ್ 9.3ಕ್ಕಿಂತ ಜಾಸ್ತಿ ಬೀಳಬೇಕು ಇಲ್ಲಾ 5ಕ್ಕಿಂತ ಜಾಸ್ತಿ ಏರಬೇಕು, ಆಗ ಮಾತ್ರ ಕೊಟ್ಟ 1.5 ಕೆಲಸಕ್ಕೆ ಬಂತು. ನಡುವೆ ಎಲ್ಲೇ ನಿಂತ್ರೂ ಸ್ವಲ್ಪ ಮಾರಿದ್ರೇ ಚೆನ್ನಾಗಿತ್ತು. ನಿಮಗೆ ಸಿಕ್ಕ ಪ್ರೀಮಿಯಂ ಹಾಕಿ ಈ ಎರಡು ನಂಬರ್ ಮೊದಲು ಬರೆದುಕೊಳ್ಳಿ. ಪ್ರೀಮಿಯಂ 3 ಆದ್ರೆ ಅದೇ ಗೆರೆಗಳು 11.4 ಬೀಳೋದಕ್ಕೆ, 10 ಏರೋದಕ್ಕೆ ಸರಿಯುತ್ತೆ.

ಎಲ್ಲರೂ ಎಡವೋದು ಇನ್ನೊಂದು ಕಡೆ. ಮೂರು ತಿಂಗಳಿಗೊಂದ್ಸಲ ಹೊಸ ಪುಟ್ ತಗೊಂಡು ಹೋಗ್ತಾ ಇದ್ರೆ ವರ್ಷಕ್ಕೆ ಹತ್ತತ್ರ 6 ಪರ್ಸೆಂಟ್ ಖರ್ಚಾಗುತ್ತೆ, ಅದು ಸರಿ, ಆದ್ರೆ ಮಾರ್ಕೆಟ್ ಒಂದೇ ಸಲ ಕುಸಿಯದೆ ಪ್ರತಿ ಕ್ವಾರ್ಟರ್ 4 ಪರ್ಸೆಂಟ್ ಇಳಿದ್ರೆ ಏನಾಗುತ್ತೆ ನೋಡಿ: 100 ಇದ್ದದ್ದು 96, ಆಮೇಲೆ 92, 88.5, ಕೊನೆಗೆ 85. ನಾಲ್ಕೂ ಪುಟ್ ಸೊನ್ನೆಗೆ ಎಕ್ಸ್‌ಪೈರ್, ಯಾಕಂದ್ರೆ ಪ್ರತಿ ಸಲ ಹೊಸ ಸ್ಟ್ರೈಕ್ ಆವಾಗಿನ ರೇಟಿಗಿಂತ 5 ಪರ್ಸೆಂಟ್ ಕೆಳಗೆ ಇಳಿಯುತ್ತೆ. ಪ್ರೀಮಿಯಂ ಸೇರಿಸಿ ವರ್ಷದ ನಷ್ಟ ಸುಮಾರು 20. ಇಡೀ ವರ್ಷ ಇನ್ಶೂರೆನ್ಸ್ ಇತ್ತು, ಒಂದು ಕ್ಲೇಮೂ ಬರ್ಲಿಲ್ಲ. ಪುಟ್ ಕಾಪಾಡೋದು ದಿಢೀರ್ ಕುಸಿತದಿಂದ, ನಿಧಾನಕ್ಕೆ ಸವೆಯೋದ್ರಿಂದ ಅಲ್ಲ. ಒಂದು ವರ್ಷದ ಪುಟ್ ತಗೊಂಡ್ರೆ ಸ್ಟ್ರೈಕ್ ಅಲ್ಲೇ ಇರುತ್ತೆ, ಆದ್ರೆ ಒಂದೇ ಸಲ ದೊಡ್ಡ ಪ್ರೀಮಿಯಂ ಕಟ್ಟಬೇಕು.

ಹಂಗಾದ್ರೆ ಇಂತಿಷ್ಟು ಬಿದ್ರೆ ತಾನಾಗೇ ಮಾರಿಬಿಡೋ ಸ್ಟಾಪ್‌ಲಾಸ್ ಸಾಕಲ್ವಾ, ಫ್ರೀ ಅಲ್ವಾ ಅಂತ ಕೇಳಬಹುದು. 1987ರಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡ ಫಂಡ್‌ಗಳು ಪುಟ್ ಕೊಳ್ಳದೆ, ಮಾರ್ಕೆಟ್ ಬಿದ್ದಂಗೆಲ್ಲಾ ಫ್ಯೂಚರ್ಸ್ ಮಾರೋದನ್ನೇ ಪೋರ್ಟ್‌ಫೋಲಿಯೋ ಇನ್ಶೂರೆನ್ಸ್ ಅಂತ ನಂಬಿದ್ರು. ಅಕ್ಟೋಬರ್ 19ಕ್ಕೆ ಡೌ ಜೋನ್ಸ್ ಒಂದೇ ದಿನ 22.6 ಪರ್ಸೆಂಟ್ ಬಿತ್ತು, ಅಂದ್ಕೊಂಡ ರೇಟಿಗೆ ಮಾರೋಕೆ ಆಗ್ಲೇ ಇಲ್ಲ. ಪುಟ್‌ನಲ್ಲಿ 95ಕ್ಕೆ ಮಾರೋ ಹಕ್ಕು ಆಗ್ಲೇ ನಿಮ್ಮ ಕೈಲಿರುತ್ತೆ, ಗ್ಯಾಪ್ ಡೌನ್ ಆದ್ರೂ ಅದು ಹೋಗಲ್ಲ, ನೀವು ದುಡ್ಡು ಕೊಡ್ತಿರೋದು ಅದಕ್ಕೆ.

ಕೊಳ್ಳೋ ಟೈಮ್ ಬಗ್ಗೆ ನಾನೇ ಪೆಟ್ಟು ತಿಂದಿದೀನಿ. ಮಾರ್ಕೆಟ್ 8 ಪರ್ಸೆಂಟ್ ಬಿದ್ಮೇಲೆ ಗಾಬರಿಲಿ ಪುಟ್ ತಗೊಂಡೆ. ಆಮೇಲೆ ಇಂಡೆಕ್ಸ್ ಇನ್ನೂ ಒಂಚೂರು ಇಳೀತು, ಆದ್ರೂ ನನ್ನ ಪುಟ್ ರೇಟೂ ಇಳೀತು, ಮೊದಲು ಅರ್ಥನೇ ಆಗ್ಲಿಲ್ಲ. ಭಯ ಹೆಚ್ಚಿದ್ದಾಗ ಇಂಪ್ಲೈಡ್ ವೊಲಾಟಿಲಿಟಿ, ಅಂದ್ರೆ ಮಾರ್ಕೆಟ್ ಮುಂದೆ ಎಷ್ಟು ಏರಿಳಿಯಬಹುದು ಅಂತ ಪ್ರೀಮಿಯಂನಲ್ಲೇ ಅಡಗಿರೋ ಅಂದಾಜು, ಏರಿರುತ್ತೆ, 18 ಇದ್ದದ್ದು 30 ಆದ್ರೆ ಮೇಲಿನ 1.5ರ ಪುಟ್ಟೇ 3.6 ಮುಟ್ಟುತ್ತೆ, ಗಾಬರಿ ತಣ್ಣಗಾದ್ರೆ ಆ ಹೆಚ್ಚುವರಿ ಕರಗಿಹೋಗುತ್ತೆ. ಹಂಗಾಗಿ ಕೊಳ್ಳೋ ಮುಂಚೆ ಇಂಪ್ಲೈಡ್ ವೊಲಾಟಿಲಿಟಿ ಕಾಲಂ ನೋಡಿ, ಹೋದ ವರ್ಷದ್ದಕ್ಕೆ ಹೋಲಿಸಿದ್ರೆ ತುಂಬಾ ಮೇಲಿದ್ರೆ ನಾನಂತೂ ಪುಟ್ ಮುಟ್ಟಲ್ಲ, ಒಂದಿಷ್ಟು ಶೇರ್ ಮಾರಿಬಿಡ್ತೀನಿ.

ಇನ್ನೊಂದು, ನಿಮ್ಮ ಹತ್ರ ಇರೋದು ಬರೀ ಸಣ್ಣ ಕಂಪನಿ ಶೇರ್‌ಗಳಾದ್ರೆ ಇಂಡೆಕ್ಸ್ ಪುಟ್ ಸರಿಯಾಗಿ ಕೂರಲ್ಲ, ಇಂಡೆಕ್ಸ್ 4 ಇಳಿದು ನಿಮ್ಮದು 15 ಇಳಿದ್ರೆ 95ರ ಪುಟ್‌ನಿಂದ ಎಕ್ಸ್‌ಪೈರಿಗೆ ಏನೂ ಬರಲ್ಲ. ಅಂಥವರಿಗೆ ನಾನು ಪುಟ್ ಹೇಳೋದೇ ಇಲ್ಲ.